ಅಜ್ಜಿಯ ಸಾರಿನ ಚೀಟಿಯನ್ನು ಅರಬ್ಬಿಗೆ ತರುವುದು ಹೇಗೆ: ಫೋಟೊದಿಂದ ಒಲೆಯವರೆಗೆ

ಶಾರ್ಜಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಈಜಿಪ್ಟಿನ ಒಬ್ಬ ಅಕ್ಕ ಇದ್ದಾರೆ. ನಮ್ಮ ಮನೆಯ ಸಾರು ಅಂದರೆ ಅವರಿಗೆ ಪ್ರಾಣ. ಒಂದು ದಿನ "ಇದನ್ನು ನನಗೆ ಬರೆದು ಕೊಡು, ಅರಬ್ಬಿಯಲ್ಲಿ" ಅಂದರು. ನನ್ನ ಹತ್ತಿರ ಇದ್ದದ್ದು ಹಾಸನದ ಅಜ್ಜಿ ಬರೆದ ಒಂದು ಚೀಟಿಯ ಫೋಟೊ ಮಾತ್ರ. ಅರಬ್ಬಿ ಓದಲು, ಬರೆಯಲು ನನಗೆ ಬರುತ್ತದೆ. ಆದ್ದರಿಂದ ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಆದದ್ದು ಮೂರು ಸಂಜೆ.

ಪದಾರ್ಥಗಳ ಹೆಸರು ಹುಡುಕುವುದು ಸುಲಭ. ಸಮಯ ತಿಂದದ್ದು ಅಳತೆಗಳು ಮತ್ತು ಕ್ರಿಯಾಪದಗಳು. ಪಾವು, ಹಿಡಿ, ಬೇಯಿಸು, ಕಡೆ, ಒಗ್ಗರಣೆ ಹಾಕು, ಇಂಥವು. ಆ ಚೀಟಿಯನ್ನೇ ಇಟ್ಟುಕೊಂಡು ಒಂದೊಂದೇ ಹಂತ ಹೇಳುತ್ತೇನೆ. ನಿಮ್ಮ ಮನೆಯ ಚೀಟಿ ಬೇರೆಯದಾದರೂ ಕೆಲಸದ ಕ್ರಮ ಇದೇ.

ಮೊದಲು ಫೋಟೊ ಸರಿ ಮಾಡಿಕೊಳ್ಳಿ

ನನಗೆ ಬಂದ ಮೊದಲ ಫೋಟೊ ರಾತ್ರಿ ಟ್ಯೂಬ್‌ಲೈಟಿನಲ್ಲಿ ತೆಗೆದದ್ದು. ಎಣ್ಣೆ ಕಲೆ ಇದ್ದ ಜಾಗವೆಲ್ಲ ಹೊಳೆಯುತ್ತಿತ್ತು, ಅಕ್ಷರವೇ ಕಾಣುತ್ತಿರಲಿಲ್ಲ. ಊರಲ್ಲಿರುವ ಅಮ್ಮನಿಗೆ ಹೇಳಿ ಮತ್ತೆ ತೆಗೆಸಿದೆ. ಹಗಲು ಹೊತ್ತಿನಲ್ಲಿ, ಕಿಟಕಿಯ ಪಕ್ಕ, ಚೀಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಫ್ಲ್ಯಾಶ್ ಇಲ್ಲದೆ. ಬೆಳಕು ಮೇಲಿಂದ ಬೀಳಬಾರದು, ಪಕ್ಕದಿಂದ ಬರಬೇಕು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಿದ್ದರೆ ಶಾಯಿ ಮಾಸಿದರೂ ಕಾಗದದಲ್ಲಿ ತಗ್ಗು ಉಳಿದಿರುತ್ತದೆ. ಪಕ್ಕದ ಬೆಳಕಿಗೆ ಆ ತಗ್ಗಿನಲ್ಲಿ ಸಣ್ಣ ನೆರಳು ಬಿದ್ದು ಅಕ್ಷರ ಓದಲು ಸಿಗುತ್ತದೆ. ಕಲೆಯನ್ನು ಒರೆಸಲು ಹೋಗಬೇಡಿ. ಇಂಕ್‌ಪೆನ್ನಿನ ಬರಹವಾಗಿದ್ದರೆ ಅಲ್ಲಿಗೇ ಅಳಿಸಿಹೋಗುತ್ತದೆ.

ನಾಲ್ಕೂ ಅಂಚು ಕಾಣುವ ಹಾಗೆ ಇಡೀ ಚೀಟಿಯದು ಒಂದು ಫೋಟೊ ಇರಲಿ. ನಾಲ್ಕೈದು ಸಾಲಿಗೊಂದರಂತೆ ಹತ್ತಿರದಿಂದ ತೆಗೆದವು ಕೆಲವು ಇರಲಿ. ಹಿಂಬದಿಯದನ್ನು ಮರೆಯಬೇಡಿ. ನಮ್ಮ ಚೀಟಿಯ ಹಿಂಬದಿಯಲ್ಲೇ ಸಾರಿನ ಪುಡಿಯ ಲೆಕ್ಕ ಇತ್ತು, ಮೊದಲ ಸಲ ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಇನ್ನೊಂದು ಫೋಟೊ ಅಳತೆಯ ಪಾತ್ರೆಯದು: ಪಾವು, ಚಮಚ, ಲೋಟ ಯಾವುದು ಚೀಟಿಯಲ್ಲಿದೆಯೋ ಅದರದ್ದು. ಇದು ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ

ಫೋಟೊ ನೋಡುತ್ತಾ ನೇರವಾಗಿ ಅರಬ್ಬಿಗೆ ಹೋಗಬೇಡಿ. ಮೊದಲು ಕನ್ನಡದಲ್ಲೇ ಒಂದು ನಕಲು ಮಾಡಿ. ಕಾಗುಣಿತ ತಿದ್ದಬೇಡಿ, ಅರ್ಧ ಅಕ್ಷರವನ್ನು ಪೂರ್ತಿ ಮಾಡಬೇಡಿ. ಓದಲು ಆಗದ ಕಡೆ ಗೆರೆ ಎಳೆದು ಬಿಡಿ. ನಮ್ಮದು ಹೀಗಿತ್ತು:

```
ಸಾರು
ತೊ. ಬೇಳೆ – || ಪಾವು
ಹುಣಸೆ – ನಿಂಬೆ ಗಾತ್ರ
ಬೆಲ್ಲ – ಅಡಿಕೆ ಗಾತ್ರ
ಪುಡಿ – ೨ ಚ.
ಟೊಮೆಟೊ – ೨
ಕೊ. – ೧ ಹಿಡಿ
ಬೇಳೆ ಬೇಯಿಸಿ ಕಡೆಯುವುದು. ಹುಣಸೆ ರಸಕ್ಕೆ
ಟೊಮೆಟೊ, ಪುಡಿ, ಉಪ್ಪು, ಬೆಲ್ಲ ಹಾಕಿ ಹಸಿ ವಾಸನೆ
ಹೋಗುವ ತನಕ ಕುದಿಸುವುದು. ಬೇಳೆ ಸೇರಿಸಿ
ಒಂದು ಕುದಿ. ತುಪ್ಪದ ಒಗ್ಗರಣೆ – ಸಾ. ಜೀ.
ಇಂಗು, ಕರಿಬೇವು.

(ಹಿಂಬದಿ) ಪುಡಿ: ಕೊ. ಬೀಜ ೪ ಚ. ಜೀ. ೧ ಚ.
ಮೆಂತ್ಯ || ಚ. ಒಣಮೆಣಸಿನಕಾಯಿ ೧೦
ಘಮ್ಮೆನ್ನುವ ಹಾಗೆ ಹುರಿದು ಪುಡಿ.
```

ಇಷ್ಟು ಚಿಕ್ಕ ಚೀಟಿಯಲ್ಲಿ ನಾನು ಎರಡು ಕಡೆ ಎಡವಿದೆ.

ಮೊದಲನೆಯದು "ಕೊ." ಅನ್ನುವುದು. ಕೊತ್ತಂಬರಿಯೋ ಕೊಬ್ಬರಿಯೋ? ಎರಡೂ ಹಿಡಿಯಲ್ಲಿ ಅಳೆಯುವಂಥವೇ, ಎರಡೂ ಸಾರಿಗೆ ಬೀಳುವಂಥವೇ. ಹಿಂಬದಿಯಲ್ಲಿ "ಕೊ. ಬೀಜ" ಅಂತ ಇದ್ದದ್ದರಿಂದ ಅಜ್ಜಿ ಕೊತ್ತಂಬರಿಗೆ ಹಾಗೆ ಬರೆಯುತ್ತಿದ್ದರು ಅಂತ ಗೊತ್ತಾಯಿತು. ಚಿಕ್ಕ ರೂಪ ಅರ್ಥವಾಗದಿದ್ದರೆ ಅದೇ ಕೈಬರಹದ ಬೇರೆ ಚೀಟಿ ಹುಡುಕಿ. ಅಲ್ಲಿ ಒಂದು ಕಡೆಯಾದರೂ ಪೂರ್ತಿ ಬರೆದಿರುತ್ತಾರೆ.

ಎರಡನೆಯದು ಆ ಎರಡು ನಿಂತ ಗೆರೆ. ನಾನು ಹನ್ನೊಂದು ಅಂತ ಓದಿದ್ದೆ. ಹನ್ನೊಂದು ಪಾವು ಬೇಳೆ ಮದುವೆ ಮನೆಗಾಯಿತು! ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಪಾವಿನ ಮುಂದೆ ಎರಡು ಗೆರೆ ಇದೆಯಲ್ಲ, ಏನದು?"

"ಅರ್ಧ ಕಣೇ. ಒಂದು ಗೆರೆ ಕಾಲು, ಎರಡು ಗೆರೆ ಅರ್ಧ, ಮೂರು ಗೆರೆ ಮುಕ್ಕಾಲು. ಅಂಗಡಿ ಲೆಕ್ಕದಲ್ಲೆಲ್ಲ ಹಾಗೇ ಬರೀತಿದ್ದರು."

ಹಳಬರ ಲೆಕ್ಕದಲ್ಲಿ ಇದು ಸಾಮಾನ್ಯ. ಒಂದೂವರೆಯನ್ನು ೧ ಬರೆದು ಪಕ್ಕದಲ್ಲಿ ಎರಡು ಗೆರೆ ಎಳೆದು ತೋರಿಸುತ್ತಿದ್ದರು. ಅರಬ್ಬಿಗೆ ಹೋಗುವಾಗ ಇದು ಇನ್ನೂ ಅಪಾಯ. ಅರಬ್ಬಿಯಲ್ಲಿ ಒಂದು ಅನ್ನುವ ಅಂಕಿಯೇ ಒಂದು ನಿಂತ ಗೆರೆ. ಎರಡು ಗೆರೆಯನ್ನು ಹಾಗೇ ನಕಲು ಮಾಡಿದರೆ ಅಲ್ಲಿನವರು ಯೋಚನೆಯೇ ಮಾಡದೆ ಹನ್ನೊಂದು ಅಂತ ಓದುತ್ತಾರೆ. ಹಿಂಬದಿಯಲ್ಲಿ ಅದು ಮೆಂತ್ಯದ ಮುಂದಿದೆ ನೋಡಿ. ಅರ್ಧ ಚಮಚ ಮೆಂತ್ಯದ ಬದಲು ಹನ್ನೊಂದು ಚಮಚ ಹಾಕಿದರೆ ಆ ಪುಡಿಯ ಕಹಿಗೆ ಏನೂ ಮಾಡಲು ಆಗುವುದಿಲ್ಲ.

ಸೊನ್ನೆಯನ್ನೂ ನೋಡಿಕೊಳ್ಳಿ. ನಮ್ಮ ಸೊನ್ನೆ ದುಂಡಗಿದೆ. ಈಜಿಪ್ಟ್ ಮತ್ತು ಗಲ್ಫ್ ಕಡೆ ಬಳಸುವ ಅಂಕಿಗಳಲ್ಲಿ ಸೊನ್ನೆ ಅಂದರೆ ಬರೀ ಚುಕ್ಕೆ, ದುಂಡಗಿರುವುದು ಐದು.

```
೦ = ٠
೧ = ١
೫ = ٥
```

ಚೀಟಿಯ ಫೋಟೊವನ್ನೂ ಅನುವಾದವನ್ನೂ ಒಟ್ಟಿಗೆ ಕಳಿಸಿದರೆ ಅವರು ಮೂಲದ ಅಂಕಿ ನೋಡಿ ತಾಳೆ ಹಾಕಲು ಹೋಗಬಹುದು. ನಮ್ಮ ಅಂಕಿ ಬೇರೆ ಅಂತ ಮೊದಲೇ ಒಂದು ಮಾತು ಹೇಳಿಬಿಡಿ.

ಅಳತೆ: ಮೊದಲು ನೀರಿಗೆ, ಆಮೇಲೆ ಅರಬ್ಬಿಗೆ

ಪಾವನ್ನು ಅರಬ್ಬಿಯಲ್ಲಿ ಏನನ್ನುತ್ತಾರೆ ಅಂತ ಹುಡುಕುವುದೇ ತಪ್ಪು ದಾರಿ. ಅಲ್ಲೂ ಹಳೆಯ ಅಳತೆಗಳಿವೆ. ರತ್ಲ್ ಅನ್ನುವುದು ಒಂದು. ಆದರೆ ಈಜಿಪ್ಟಿನ ಹಳೆಯ ರತ್ಲ್ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ, ಲೆಬನಾನಿನದು ಸುಮಾರು ಎರಡೂವರೆ ಕಿಲೋ. ಒಂದೇ ಹೆಸರು, ಐದು ಪಟ್ಟು ವ್ಯತ್ಯಾಸ. ಹಳೆಯ ಅಳತೆಗೆ ಹಳೆಯ ಅಳತೆಯನ್ನೇ ಕೂರಿಸಿದರೆ ಕೇಳಲು ಚೆನ್ನ, ಅಡುಗೆ ಕೆಡುತ್ತದೆ.

ನಮ್ಮ ಕಡೆಯೂ ಅಷ್ಟೇ. ಮೆಟ್ರಿಕ್ ಅಳತೆಯ ಕಾಯ್ದೆ ಬಂದದ್ದು 1956ರಲ್ಲಿ. ಆದರೆ ಅಡುಗೆಮನೆಯಲ್ಲಿ ಸೇರು, ಪಾವು, ಚಟಾಕು ಆಮೇಲೂ ಎಷ್ಟೋ ವರ್ಷ ಉಳಿದವು. ತೂಕದ ಲೆಕ್ಕದಲ್ಲಿ 80 ತೊಲದ ಸೇರು ಅಂದರೆ ಸುಮಾರು 933 ಗ್ರಾಂ, 5 ತೊಲದ ಚಟಾಕು ಸುಮಾರು 58 ಗ್ರಾಂ. ಆದರೆ ಅಜ್ಜಿಯರು ಅಕ್ಕಿ ಬೇಳೆ ಅಳೆಯುತ್ತಿದ್ದ ಪಾವು ತೂಕವಲ್ಲ, ಪಾತ್ರೆ. ಅದು ಮನೆಯಿಂದ ಮನೆಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ. ಆದ್ದರಿಂದ ಪುಸ್ತಕದ ಲೆಕ್ಕ ಬೇಡ, ನಿಮ್ಮ ಮನೆಯ ಪಾವನ್ನೇ ಅಳೆಯಿರಿ.

ಅಳೆಯುವುದು ಕಷ್ಟವಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ಖಾಲಿ ಪಾವು ಇಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ನೀರಿನ ತೂಕ ಎಷ್ಟು ಗ್ರಾಂ ಬರುತ್ತದೋ ಅಷ್ಟೇ ಮಿಲಿಲೀಟರ್. ಅಮ್ಮ ಊರಲ್ಲಿ ಅಳೆದು ಹೇಳಿದರು: ನಮ್ಮ ಪಾವಿಗೆ 220. ಅರ್ಧ ಪಾವು ಅಂದರೆ 110 ಮಿಲಿಲೀಟರ್. ಅಷ್ಟು ತೊಗರಿಬೇಳೆ ತೂಗಿದಾಗ 90 ಗ್ರಾಂ ಬಂತು. ಚಮಚವನ್ನೂ ಹಾಗೇ ಅಳೆದೆವು. ಅಜ್ಜಿಯ ಚಮಚಕ್ಕೆ 10 ಗ್ರಾಂ ನೀರು ಹಿಡಿಯಿತು. ಅಳತೆಯ ಟೀ ಚಮಚ 5 ಮಿಲಿಲೀಟರ್, ದೊಡ್ಡದು 15. ಅಂದರೆ ಅಜ್ಜಿಯದು ಚಿಕ್ಕದೂ ಅಲ್ಲ, ದೊಡ್ಡದೂ ಅಲ್ಲ, ಎರಡು ಚಿಕ್ಕ ಚಮಚಕ್ಕೆ ಸಮ. "ಚ." ಅಂತ ಇದ್ದ ಕಡೆಯೆಲ್ಲ ಎರಡರಿಂದ ಗುಣಿಸಿದೆ. ಸುಮ್ನೆ ಚಿಕ್ಕ ಚಮಚ ಅಂತ ಬರೆದಿದ್ದರೆ ಸಾರಿನಲ್ಲಿ ಪುಡಿ ಅರ್ಧಕ್ಕರ್ಧ ಕಮ್ಮಿಯಾಗುತ್ತಿತ್ತು.

ಅರಬ್ಬಿ ಅಡುಗೆ ಬರಹದಲ್ಲಿ ಚಮಚಕ್ಕೆ ಮಿಲ್ಅಕ, ದೊಡ್ಡದು ಮಿಲ್ಅಕ ಕಬೀರ, ಚಿಕ್ಕದು ಮಿಲ್ಅಕ ಸಗೀರ. ಲೋಟದ ಅಳತೆಗೆ ಕೂಬ್. ಇಡೀ ಇಡೀ ಎಣಿಸುವ ಟೊಮೆಟೊ, ಈರುಳ್ಳಿಯಂಥದಕ್ಕೆ ಹಬ್ಬ, ಅಂದರೆ ಕಾಳು. ಬೆಳ್ಳುಳ್ಳಿ ಎಸಳಿಗೆ ಫಸ್ಸ್. ಮೆಣಸಿನಕಾಯಿಗೆ ಕರ್ನ್, ಅಂದರೆ ಕೊಂಬು. ಒಣಮೆಣಸಿನಕಾಯಿಯ ಆಕಾರ ನೆನೆಸಿಕೊಂಡರೆ ಈ ಹೆಸರು ಮರೆಯುವುದೇ ಇಲ್ಲ.

ಸಂಖ್ಯೆಯ ಜೊತೆ ಪದದ ರೂಪ ಬದಲಾಗುತ್ತದೆ, ಅದೊಂದು ಗಮನದಲ್ಲಿರಲಿ. ಅರಬ್ಬಿಯಲ್ಲಿ ಎರಡಕ್ಕೆ ಬೇರೆಯದೇ ರೂಪ ಇದೆ. ಎರಡು ಚಮಚ ಅನ್ನಲು ಅಂಕಿಯೇ ಬೇಡ, ಮಿಲ್ಅಕತಾನ್ ಅಂದರೆ ಎರಡು ಚಮಚವೇ. ಮೂರರಿಂದ ಹತ್ತಕ್ಕೆ ಬಹುವಚನ, ಹನ್ನೊಂದರಿಂದ ಮತ್ತೆ ಏಕವಚನ.

```
ملعقة صغيرة
ملعقتان صغيرتان
٤ ملاعق صغيرة
١٢ ملعقة صغيرة
```

ಮೇಲಿನಿಂದ ಕೆಳಕ್ಕೆ ಒಂದು, ಎರಡು, ನಾಲ್ಕು, ಹನ್ನೆರಡು ಚಿಕ್ಕ ಚಮಚ. ಇದನ್ನು ತಪ್ಪಿಸಿದರೂ ಅರ್ಥ ಆಗುತ್ತದೆ. ಆದರೂ ಪ್ರೀತಿಯಿಂದ ಬರೆದು ಕೊಡುವಾಗ ಸರಿಯಾಗಿ ಬರೆಯುವುದು ಚೆಂದ ಅಲ್ವಾ?

ಇನ್ನು ಗಾತ್ರದ ಅಳತೆ. "ನಿಂಬೆ ಗಾತ್ರ" ಅನ್ನುವುದನ್ನು ಹಾಗೇ ದಾಟಿಸಬೇಡಿ. ನಮ್ಮದು ಚಿಕ್ಕ ನಿಂಬೆ. ಅಂಗಡಿಯ ದೊಡ್ಡ ಹಳದಿ ನಿಂಬೆ ನೆನೆಸಿಕೊಂಡು ಯಾರಾದರೂ ಹುಣಸೆ ಹಾಕಿದರೆ ಸಾರು ಬಾಯಿಗಿಡಲು ಆಗುವುದಿಲ್ಲ. ಅಮ್ಮ ತಮ್ಮ ಕೈ ಅಂದಾಜಿನಲ್ಲಿ ಉಂಡೆ ಮಾಡಿ ತೂಗಿದರು, 20 ಗ್ರಾಂ ಬಂತು. ಅಡಿಕೆ ಗಾತ್ರದ ಬೆಲ್ಲ ಸುಮಾರು 10 ಗ್ರಾಂ, ಪುಡಿ ಮಾಡಿದರೆ ಎರಡು ಚಿಕ್ಕ ಚಮಚ. ಅಡಿಕೆಯನ್ನು ಕೈಯಲ್ಲಿ ಹಿಡಿದೇ ನೋಡದವರಿಗೆ ಅಡಿಕೆ ಗಾತ್ರ ಅಂದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಇಲ್ಲಿ ಹುಣಸೆಯ ಹೆಸರಿನಲ್ಲೂ ಒಂದು ಸಿಕ್ಕು ಇದೆ. ಅರಬ್ಬಿಯಲ್ಲಿ ಅದು ತಮ್ರ್ ಹಿಂದಿ, ಅಂದರೆ ಇಂಡಿಯಾದ ಖರ್ಜೂರ. ಆದರೆ ಈಜಿಪ್ಟಿನಲ್ಲಿ ತಮ್ರ್ ಹಿಂದಿ ಅಂದರೆ ರಂಜಾನ್‌ನಲ್ಲಿ ಕುಡಿಯುವ ಸಿಹಿ ಪಾನಕವೂ ಹೌದು. ಬರೀ ಆ ಹೆಸರು ಬರೆದರೆ ಸಕ್ಕರೆ ಹಾಕಿದ ಬಾಟಲಿ ತಂದುಬಿಡಬಹುದು. ಲುಬ್ಬ್ ಅನ್ನುವ ಪದ ಸೇರಿಸಿ, ತಿರುಳು ಅಂತ ಸ್ಪಷ್ಟವಾಗುತ್ತದೆ. ತೊಗರಿಬೇಳೆಗೂ ಹಾಗೇ. ಹಳದಿ ಅದಸ್ ಅಂತ ಬರೆದರೆ ಅವರು ಸೂಪಿಗೆ ಹಾಕುವ ಬೇಳೆ ತರುತ್ತಾರೆ. ಅದು ಬೇಗ ಕರಗಿ ಗಂಜಿಯಾಗುತ್ತದೆ, ರುಚಿಯೂ ಬೇರೆ. ನಾನು ದಾಲ್ ತೂರ್ ಅಂತಲೇ ಅರಬ್ಬಿ ಅಕ್ಷರದಲ್ಲಿ ಬರೆದೆ. ಇಲ್ಲಿನ ಅಂಗಡಿಯಲ್ಲಿ ಹಾಗೆ ಕೇಳಿದರೆ ಕೊಡುತ್ತಾರೆ.

ಚಿಟಿಕೆ, ಹಿಡಿ, ಒಂದು ಕುದಿ

ಇಡೀ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಭಾಗ ಇದು.

ಅರಬ್ಬಿಯಲ್ಲಿ ಒಂದು ಕ್ರಿಯೆಯನ್ನು ಒಂದು ಸಲ ಮಾಡುವುದಕ್ಕೇ ಒಂದು ನಾಮಪದದ ರೂಪ ಇದೆ. ಚಿಮುಕಿಸು ಅನ್ನುವ ಕ್ರಿಯೆಯಿಂದ ರಶ್ಶ, ಅಂದರೆ ಒಂದು ಸಲ ಚಿಮುಕಿಸಿದಷ್ಟು. ಹಿಡಿಯುವುದರಿಂದ ಕಬ್ದ, ಒಂದು ಸಲ ಮುಷ್ಟಿ ಹಿಡಿದಷ್ಟು. ಹಿಂಡುವುದರಿಂದ ಅಸ್ರ, ನಿಂಬೆಹಣ್ಣು ಒಂದು ಸಲ ಹಿಂಡಿದಷ್ಟು. ನಮ್ಮ ಚಿಟಿಕೆ, ಹಿಡಿಯ ಜಾಗದಲ್ಲಿ ಇವು ಸಲೀಸಾಗಿ ಕೂರುತ್ತವೆ. ಇಂಗಿಗೆ ರಶ್ಶ, ಕೊತ್ತಂಬರಿ ಸೊಪ್ಪಿಗೆ ಕಬ್ದ. ಇಲ್ಲಿ ಗ್ರಾಂ ಲೆಕ್ಕ ಬೇಕಿಲ್ಲ, ಕೈಯಳತೆಗೆ ಕೈಯಳತೆಯೇ ಸರಿ.

ಕೊನೆಗೆ ನಾನು ಹೆದರಿದ್ದ ಸಾಲು ಬಂತು. "ಬೇಳೆ ಸೇರಿಸಿ ಒಂದು ಕುದಿ." ಕೊನೆಯಲ್ಲಿ ಕ್ರಿಯಾಪದವೇ ಇಲ್ಲದ ಸಾಲು. ಕುದಿಸುವುದು ಅಂತ ಬರೆದರೆ ಅವರು ಹತ್ತು ನಿಮಿಷ ಕುದಿಸುತ್ತಾರೆ, ಸಾರಿನ ಘಮ ಹೋಗುತ್ತದೆ. ಆದರೆ ಕುದಿಯುವ ಕ್ರಿಯೆಗೂ ಅದೇ ರೂಪ ಇದೆ: ಗಲ್ವ. ಒಂದು ಸಲ ಕುದಿ ಬರುವುದು. ಪಕ್ಕದ ಮನೆಯ ಅಕ್ಕನಿಗೆ ಕೇಳಿದೆ, ಗಲ್ವ ಅಂದರೆ ನೀವು ಎಷ್ಟು ಹೊತ್ತು ಬಿಡುತ್ತೀರಿ? ಅವರು ಕೈಯನ್ನು ಪಾತ್ರೆಯ ಮೇಲೆ ಹಿಡಿದ ಹಾಗೆ ಮಾಡಿ, ಬೆರಳುಗಳನ್ನು ಒಮ್ಮೆ ಮೇಲಕ್ಕೆ ಅರಳಿಸಿ, ತಕ್ಷಣ ಒಲೆ ಆರಿಸುವಂತೆ ಮಣಿಕಟ್ಟು ತಿರುಗಿಸಿ ತೋರಿಸಿದರು. ಅಜ್ಜಿಯ ಒಂದು ಕುದಿ ಅದೇ. ಒಂದಕ್ಷರ ವಿವರಣೆ ಬೇಕಾಗಲಿಲ್ಲ.

ಕ್ರಿಯಾಪದ: ಕನ್ನಡದ ಒಂದಕ್ಕೆ ಅಲ್ಲಿ ಮೂರು

ಮೊದಲು ಯಾವ ರೂಪದಲ್ಲಿ ಬರೆಯಬೇಕು ಅಂತ ತೀರ್ಮಾನ ಮಾಡಿ. ಅಜ್ಜಿ "ಕಡೆಯುವುದು, ಕುದಿಸುವುದು" ಅಂತ ಬರೆದಿದ್ದಾರೆ. ಯಾರಿಗೆ ಹೇಳುತ್ತಿದ್ದಾರೆ ಅಂತ ಅದರಲ್ಲಿ ಇಲ್ಲ. ಅರಬ್ಬಿಯಲ್ಲಿ ಆಜ್ಞೆಯ ರೂಪ ಬಳಸಿದರೆ ಓದುವವರು ಗಂಡೋ ಹೆಣ್ಣೋ ಅಂತ ಆರಿಸಬೇಕಾಗುತ್ತದೆ. ಹಾಕು ಅನ್ನುವುದು ಗಂಡಸಿಗೆ ಅದಿಫ್, ಹೆಂಗಸಿಗೆ ಅದೀಫಿ. ಅಲ್ಲಿನ ಎಷ್ಟೋ ಪಾಕವಿಧಾನಗಳು ಹೆಂಗಸರನ್ನೇ ಉದ್ದೇಶಿಸಿ ಬರೆದಿರುತ್ತವೆ. ನನಗೆ ಹಿಡಿಸಿದ್ದು ನಾವು ಅನ್ನುವ ರೂಪ: ನುದೀಫ್, ಅಂದರೆ ಹಾಕುತ್ತೇವೆ. ಟಿವಿಯ ಅಡುಗೆಯವರೂ ಹಾಗೇ ಮಾತಾಡುತ್ತಾರೆ. ಅಕ್ಕನ ಮಗ ಮಾಡಿದರೂ ಓದಲು ಸರಿಹೋಗುತ್ತದೆ.

ಈ ರೂಪದಿಂದ ಇನ್ನೊಂದು ಲಾಭ. ಹುರಿಯುವುದಕ್ಕೆ ಅರಬ್ಬಿಯಲ್ಲಿ ಹಮ್ಮಸ. ಸ್ವರಚಿಹ್ನೆ ಇಲ್ಲದೆ ಬರೆದಾಗ ಅದೂ ಕಡಲೆಕಾಳೂ ಒಂದೇ ಥರ ಕಾಣುತ್ತವೆ. ಮುಂದೆ ನ ಅಕ್ಷರ ಬಂದು ನುಹಮ್ಮಿಸ್ ಆದಾಗ ಗೊಂದಲವೇ ಇಲ್ಲ.

```
حمص
نحمص
```

ಮೇಲಿನದನ್ನು ಕಡಲೆ ಅಂತಲೂ ಓದಬಹುದು, ಹುರಿ ಅಂತಲೂ ಓದಬಹುದು. ಕೆಳಗಿನದು ಹುರಿಯುತ್ತೇವೆ ಅಂತ ಮಾತ್ರ.

ಈಗ ಒಂದೊಂದೇ ಕ್ರಿಯಾಪದ ನೋಡೋಣ. ಹುರಿ ಅನ್ನುವುದನ್ನು ನಾವು ಒಣ ಬಾಣಲೆಗೂ ಹೇಳುತ್ತೇವೆ, ಎಣ್ಣೆ ಹಾಕಿದಾಗಲೂ ಹೇಳುತ್ತೇವೆ. ಅರಬ್ಬಿಯಲ್ಲಿ ಒಣ ಹುರಿಯುವುದು ಹಮ್ಮಸ. ಎಣ್ಣೆಯಲ್ಲಿ ಕರಿಯುವುದು ಕಲಾ. ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿ ಬಾಡಿಸುವಂಥದಕ್ಕೆ ಶವ್ವಹ. ಆದ್ದರಿಂದ ಚೀಟಿಯಲ್ಲಿ ಹುರಿ ಕಂಡ ಕೂಡಲೇ ಒಂದು ಪ್ರಶ್ನೆ ಕೇಳಿ: ಬಾಣಲೆಯಲ್ಲಿ ಎಣ್ಣೆ ಇದೆಯಾ, ಎಷ್ಟಿದೆ? ಚೀಟಿ ಹೇಳುವುದಿಲ್ಲ, ಮಾಡಿದವರನ್ನೇ ಕೇಳಬೇಕು. ನಮ್ಮ ಪುಡಿಗೆ ಎಣ್ಣೆ ಇಲ್ಲ, ಹಾಗಾಗಿ ನುಹಮ್ಮಿಸ್. "ಘಮ್ಮೆನ್ನುವ ಹಾಗೆ" ಅನ್ನುವುದಕ್ಕೆ ಅಲ್ಲಿ ಸಿದ್ಧವಾದ ಮಾತೇ ಇದೆ: ಹತ್ತಾ ತಫೂಹ ರಾಇಹತುಹಾ, ಅಂದರೆ ಅದರ ಪರಿಮಳ ಹರಡುವ ತನಕ.

ಬೇಯಿಸು ಇನ್ನೂ ಅಗಲವಾದ ಪದ. ಬೇಳೆ ಬೇಯಿಸುತ್ತೇವೆ, ಇಡ್ಲಿ ಬೇಯಿಸುತ್ತೇವೆ, ರೊಟ್ಟಿಯನ್ನೂ ಬೇಯಿಸುತ್ತೇವೆ. ಅಲ್ಲಿ ನೀರಿನಲ್ಲಿ ಬೇಯಿಸುವುದು ಸಲಕ, ಹಬೆಗೆ ಅಲಲ್ ಬುಖಾರ್ ಅಂತ ಸೇರಿಸಬೇಕು, ರೊಟ್ಟಿಗೆ ಬೇರೆಯದೇ ಪದ. ಬೇಯಿಸುವ ಕೆಲಸಕ್ಕೂ ಬೆಂದ ಸ್ಥಿತಿಗೂ ನಮ್ಮಲ್ಲಿ ಒಂದೇ ಬೇರು, ಅಲ್ಲಿ ಬೇರೆ ಬೇರೆ. ಬೇಯುವುದು ನದಿಜ. ಹಾಗಾಗಿ ಬೇಳೆ ಬೇಯಿಸಿ ಅನ್ನುವ ಎರಡು ಪದ ಅಲ್ಲಿ ನೀರಿನಲ್ಲಿ ಸಲಕ ಮಾಡುತ್ತೇವೆ, ಪೂರ್ತಿ ನದಿಜ ಆಗುವ ತನಕ ಅಂತ ಉದ್ದವಾಗುತ್ತದೆ. ಉದ್ದವಾಗಲಿ. ಮೊದಲ ಭಾಗ ಮಾತ್ರ ಬರೆದರೆ ಬೇಳೆ ಗಟ್ಟಿ ಇರುವಾಗಲೇ ಇಳಿಸುತ್ತಾರೆ.

ಕುದಿಸು ಬೇರೆ, ಅದು ದ್ರವಕ್ಕೆ. ಅರಬ್ಬಿಯಲ್ಲೂ ಬೇರೆ, ಗಲಾ. ಇಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು ಪಕ್ಕದಲ್ಲಿರುವ "ಹಸಿ ವಾಸನೆ ಹೋಗುವ ತನಕ" ಅನ್ನುವುದರಲ್ಲಿ. ನಮಗೆ ಮೂಗಿಗೇ ಗೊತ್ತು. ಅಕ್ಕನಿಗೆ ಹುಣಸೆರಸಕ್ಕೆ ಹಸಿ ವಾಸನೆ ಇರುತ್ತದೆ ಅನ್ನುವುದೇ ಹೊಸದು. ಅದನ್ನು ಅನುವಾದ ಮಾಡಿ, ಜೊತೆಗೆ ಸುಮಾರು 10 ನಿಮಿಷ ಅಂತ ಸೇರಿಸಿದೆ. ಸಣ್ಣ ಉರಿಗೆ ಅಲ್ಲಿ ನಾರ್ ಹಾದಿಅ, ಅಂದರೆ ಶಾಂತವಾದ ಬೆಂಕಿ. ಎಷ್ಟು ಚೆಂದದ ಮಾತು.

ಕಡೆ ಅನ್ನುವಲ್ಲಿ ನಾನು ಬಹಳ ಹೊತ್ತು ನಿಂತೆ. ಹರಸ ಅಂದರೆ ಜಜ್ಜಿ ಹಿಸುಕುವುದು, ಆಲೂಗಡ್ಡೆಗೆ ಸರಿ. ಖಫಕ ಅಂದರೆ ಮೊಟ್ಟೆ ಕಲಕಿದ ಹಾಗೆ. ಎರಡೂ ಕಡೆಗೋಲಿನ ಕೆಲಸವಲ್ಲ. ಕೊನೆಗೆ ಮಾತು ಬಿಟ್ಟು, ಎರಡು ಅಂಗೈ ನಡುವೆ ಕಡ್ಡಿ ಹಿಡಿದು ತಿರುಗಿಸುವ ಹಾಗೆ ಮಾಡಿ ತೋರಿಸಿದೆ. ಅಕ್ಕ ಎದ್ದು ಒಳಗೆ ಹೋಗಿ ಒಂದು ಮರದ ಕೋಲು ತಂದರು. ಬುಡದಲ್ಲಿ ಅಡ್ಡ ಕಡ್ಡಿ. "ಮಿಫ್ರಾಕ್, ಹಬೀಬ್ತಿ!" ಅಂದರು. ಅವರು ದಕ್ಷಿಣ ಈಜಿಪ್ಟಿನವರು. ಅಲ್ಲಿ ಬೆಂಡೆಕಾಯಿಯ ವೇಕ ಅನ್ನುವ ಅಡುಗೆಯನ್ನು ಇದರಲ್ಲೇ ಕಡೆಯುತ್ತಾರೆ. ಕ್ರಿಯಾಪದ ಫರಕ. ಕೈರೋದ ಹುಡುಗಿಗೆ ಬರೆಯುತ್ತಿದ್ದರೆ ಈ ಪದ ಸಾಲದೇ ಹೋಗಬಹುದು, ಆಗ ಹರಸ ಅಂತ ಬರೆದು ನುಣ್ಣಗಾಗುವ ತನಕ ಅಂತ ಸೇರಿಸಬೇಕು. ಓದುವವರು ಯಾವ ಊರಿನವರು ಅಂತ ಕೇಳದೆ ಅಡುಗೆಯ ಅರಬ್ಬಿ ಬರೆಯಲು ಆಗುವುದಿಲ್ಲ.

ಪುಡಿ ಮಾಡು, ರುಬ್ಬು, ಕುಟ್ಟು ಈ ಮೂರರಲ್ಲಿ ಮೊದಲ ಎರಡಕ್ಕೂ ಅಲ್ಲಿ ತಹನ ಸಾಕಾಗುತ್ತದೆ. ಆದರೆ ರುಬ್ಬುವುದಾದರೆ ಸ್ವಲ್ಪ ನೀರಿನ ಜೊತೆ ಅಂತ ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ ಒಣಗಿದ್ದನ್ನೇ ಪುಡಿ ಮಾಡುತ್ತಾರೆ. ಕುಟ್ಟುವುದಕ್ಕೆ ದಕ್ಕ.

ಒಗ್ಗರಣೆಗೆ ಪದ ಸಿಕ್ಕಿದ್ದು

ಇದಕ್ಕೆ ಪದವೇ ಇರಲಿಕ್ಕಿಲ್ಲ ಅಂದುಕೊಂಡಿದ್ದೆ. ಎಣ್ಣೆಯಲ್ಲಿ ಮಸಾಲೆ ಕರಿದು ಮೇಲೆ ಸುರಿಯುವುದು ಅಂತ ಉದ್ದಕ್ಕೆ ಬರೆದಿದ್ದೆ. ಅಕ್ಕ ಓದಿ "ಇದು ತಕ್ಲಿಯ ಅಲ್ವಾ?" ಅಂದರು. ಈಜಿಪ್ಟಿನಲ್ಲಿ ಮುಲೂಖಿಯ ಅಂತ ಒಂದು ಸೊಪ್ಪಿನ ಸಾರು ಇದೆ. ಅದು ಆದ ಮೇಲೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜದ ಪುಡಿಯನ್ನು ತುಪ್ಪದಲ್ಲಿ ಹುರಿದು ಬಿಸಿಬಿಸಿಯಾಗಿ ಮೇಲೆ ಸುರಿಯುತ್ತಾರೆ. ಅದೇ ತಕ್ಲಿಯ. ಸುರಿದಾಗ ಬರುವ ಸದ್ದಿನಿಂದ ತಶ್ಶ ಅಂತಲೂ ಕರೆಯುತ್ತಾರೆ, ನಾವು ಚುಂಯ್ ಅನ್ನುತ್ತೇವಲ್ಲ ಹಾಗೆ. ಸುರಿಯುವಾಗ ಅಡುಗೆ ಮಾಡುವವರು ಜೋರಾಗಿ ಉಸಿರೆಳೆದುಕೊಳ್ಳುವುದು ಅವರ ಪದ್ಧತಿ. ಹಾಗೆ ಮಾಡದಿದ್ದರೆ ರುಚಿ ಬರುವುದಿಲ್ಲವಂತೆ.

ಹಾಗಾಗಿ ಒಗ್ಗರಣೆಗೆ ತಕ್ಲಿಯ ಅಂತಲೇ ಬರೆದೆ. ಆದರೆ ಅಷ್ಟಕ್ಕೆ ಬಿಡಬಾರದು. ಆ ಪದ ನೋಡಿದ ಕೂಡಲೇ ಅವರ ಕೈ ಬೆಳ್ಳುಳ್ಳಿಗೆ ಹೋಗುತ್ತದೆ. ಸುಡಾನಿನವರಿಗಾದರೆ ತಕ್ಲಿಯ ಅನ್ನುವುದು ಬೇರೆಯದೇ ಒಂದು ಸಾರಿನ ಹೆಸರು. ಆದ್ದರಿಂದ ಪದ ಬರೆದು, ಒಳಗೆ ಏನೇನು, ಯಾವ ಕ್ರಮದಲ್ಲಿ ಅಂತ ಬಿಡಿಸಿ ಬರೆಯಬೇಕು. ಸಾಸಿವೆ ಸಿಡಿಯುವುದಕ್ಕೆ ಯುತಕ್ತಿಕ್ ಅನ್ನುವ ಕ್ರಿಯಾಪದ ಇದೆ. ಕೇಳಿದರೇ ಗೊತ್ತಾಗುತ್ತದೆ, ನಮ್ಮ ಚಟಪಟದ ಹಾಗೆ ಸದ್ದಿನಿಂದಲೇ ಹುಟ್ಟಿದ ಪದ.

ಚೀಟಿಯಲ್ಲಿ ಇಲ್ಲದ್ದು

ಅಜ್ಜಿಯ ಚೀಟಿಯಲ್ಲಿ ನೀರು ಎಲ್ಲೂ ಇಲ್ಲ, ನೋಡಿದಿರಾ? ಉಪ್ಪಿನ ಅಳತೆಯೂ ಇಲ್ಲ. ಮಗಳಿಗೆ ಬರೆದುಕೊಟ್ಟದ್ದು, ಅದೆಲ್ಲ ಹೇಳಬೇಕಾಗಿರಲಿಲ್ಲ. ಉಪ್ಪಿಗೆ ಹಸಬ್ ಅಲ್ ಝೌಕ್ ಅಂದರೆ ಸಾಕು, ರುಚಿಗೆ ತಕ್ಕಷ್ಟು. ನೀರನ್ನು ಮಾತ್ರ ನೀವೇ ಒಮ್ಮೆ ಮಾಡಿ ಅಳೆದು ಬರೆಯಿರಿ. ನಮಗೆ 90 ಗ್ರಾಂ ಬೇಳೆಗೆ ಒಟ್ಟು ನಾಲ್ಕು ಕೂಬ್ ಬೇಕಾಯಿತು.

ಬರೆದು ಮುಗಿದ ಮೇಲೆ ನಮ್ಮ ಚೀಟಿ ಹೀಗಾಯಿತು:

```
سارو (حساء هندي خفيف)
دال تور: ٩٠ جرامًا
لبّ التمر الهندي: ٢٠ جرامًا
سكر قصب خام: ملعقتان صغيرتان
مسحوق السارو: ٤ ملاعق صغيرة
طماطم: حبتان
كزبرة خضراء: قبضة
ماء: ٤ أكواب
ملح: حسب الذوق

نسلق الدال في كوبين من الماء حتى ينضج تمامًا،
ثم نفركه بالمفراك.
ننقع التمر الهندي في كوب ماء ساخن ونصفّيه.
نضيف إليه الطماطم والمسحوق والملح والسكر،
ونغليه نحو ١٠ دقائق حتى تختفي رائحته النيئة.
نضيف الدال وكوب الماء الباقي،
ونتركه يغلي غلوة واحدة، ثم نطفئ النار.
التقلية: نسخّن السمن، ونضيف الخردل حتى يطقطق،
ثم الكمون ورشة حلتيت وأوراق الكاري،
ونصبّها فوق السارو، ثم نرشّ الكزبرة.
```

ಪುಡಿಯ ಭಾಗ ಬೇರೆ ಚೀಟಿಯಲ್ಲಿ. ಕೊತ್ತಂಬರಿ ಬೀಜ 8 ಚಿಕ್ಕ ಚಮಚ, ಜೀರಿಗೆ 2, ಮೆಂತ್ಯ 1, ಒಣಮೆಣಸಿನಕಾಯಿ 10. ಅರಬ್ಬಿಯಲ್ಲೂ ಕುಝ್ಬರ ಅಂದರೆ ಸೊಪ್ಪೂ ಹೌದು, ಬೀಜವೂ ಹೌದು, ನಮ್ಮ ಕೊತ್ತಂಬರಿಯ ಹಾಗೇ. ಬೀಜಕ್ಕೆ ಬುಝೂರ್ ಅಂತ, ಸೊಪ್ಪಿಗೆ ಹಸಿರು ಅನ್ನುವ ಖದ್ರಾ ಅಂತ ಜೊತೆಗೆ ಬರೆಯಲೇಬೇಕು.

ಫೋನಿನಲ್ಲಿ ಕಳಿಸುವಾಗ ಕನ್ನಡ ಮತ್ತು ಅರಬ್ಬಿಯನ್ನು ಒಂದೇ ಸಾಲಿನಲ್ಲಿ ಬೆರೆಸಬೇಡಿ. ಒಂದು ಎಡದಿಂದ, ಇನ್ನೊಂದು ಬಲದಿಂದ ಓಡುವುದರಿಂದ ಪದಗಳ ಜಾಗ ಅದಲು ಬದಲಾಗುತ್ತದೆ. ಮೂರರಿಂದ ನಾಲ್ಕು ಅನ್ನುವುದನ್ನು ಅಂಕಿಗಳ ನಡುವೆ ಅಡ್ಡಗೆರೆ ಹಾಕಿ ಬರೆದರೆ ತೆರೆಯ ಮೇಲೆ ಹಿಂದುಮುಂದಾಗಿ ಕಾಣಬಹುದು. ಮಿನ್, ಇಲಾ ಅಂತ ಪದದಲ್ಲೇ ಬರೆಯಿರಿ. ಅರ್ಧ, ಕಾಲು ಇದ್ದರೂ ನಿಸ್ಫ್, ರುಬ್ಅ ಅಂತ ಪದವೇ ಒಳ್ಳೆಯದು.

ಒಲೆಯ ಮುಂದೆ ಪರೀಕ್ಷೆ

ಓದಿ ಅರ್ಥವಾಯಿತಾ ಅಂತ ಕೇಳಿದರೆ ಎಲ್ಲರೂ ಆಯಿತು ಅನ್ನುತ್ತಾರೆ. ಅವರು ಮಾಡುವಾಗ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಲ್ಲಿ. ಎಲ್ಲಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಬರಹದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಅಕ್ಕ ಬೇಳೆ ಬೇಯಿಸಿದ್ದು, ಕಡೆದದ್ದು, ಹುಣಸೆರಸ ಕುದಿಸಿದ್ದು ಎಲ್ಲ ಸರಿಯಾಗಿತ್ತು. ಗಲ್ವ ಬಂದ ಕೂಡಲೇ ಒಲೆ ಆರಿಸಿದರು. ತಕ್ಲಿಯಕ್ಕೆ ಬಂದಾಗ ತುಪ್ಪ ಹೊಗೆಯಾಡುವ ತನಕ ದೊಡ್ಡ ಉರಿಯಲ್ಲೇ ಇಟ್ಟರು. ಸಾಸಿವೆ ಒಂದೇ ಸಲಕ್ಕೆ ಸಿಡಿದು ಹಾರಿತು, ಜೀರಿಗೆ ಹಾಕಿದ ಕ್ಷಣಕ್ಕೆ ಕಪ್ಪಾಯಿತು. ಅವರು ನನ್ನ ಮುಖ ನೋಡಿದರು. ಸಾಸಿವೆ ಸಿಡಿದ ಮೇಲೆ ಉರಿ ತಗ್ಗಿಸಬೇಕು ಅಂತ ನಾನು ಬರೆದಿರಲಿಲ್ಲ. ಅಜ್ಜಿಯೂ ಬರೆದಿರಲಿಲ್ಲ.

ಆ ಬಾಣಲೆ ತೊಳೆದು ಮತ್ತೆ ಇಟ್ಟೆವು. ಈ ಸಲ ಉರಿ ತಗ್ಗಿಸಿದ ಮೇಲೆ ಜೀರಿಗೆ ಬಿತ್ತು, ಹೊಂಬಣ್ಣಕ್ಕೆ ತಿರುಗಿತು. ಇಂಗಿನ ಘಮ ಎದ್ದಿತು. ಸಾರಿನ ಮೇಲೆ ಸುರಿಯುವಾಗ ಅಕ್ಕ ಅಭ್ಯಾಸದಂತೆ ಜೋರಾಗಿ ಉಸಿರೆಳೆದುಕೊಂಡರು. ಆಮೇಲೆ ಕೈ ಒರೆಸಿಕೊಂಡು, ಚೀಟಿಯಲ್ಲಿ ಸಾಸಿವೆಯ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ತಾವೇ ಬರೆದರು, ಶಾಂತವಾದ ಬೆಂಕಿಯಲ್ಲಿ ಅಂತ:

```
على نار هادئة
```